150 ಲೋಟ ಮಜ್ಜಿಗೆಗೆ ಹಾಲೆಷ್ಟು, ಹೆಪ್ಪೆಷ್ಟು?

ಪ್ರಶ್ನೆ: "150 ಜನಕ್ಕೆ ಮಜ್ಜಿಗೆ ಮಾಡಬೇಕು. ಹಾಲು, ಹೆಪ್ಪು, ನೀರಿನ ಲೆಕ್ಕ ಹೇಳಿ. ಹೋದ ಸಲ ಹುಳಿಯಾಯ್ತು, ಲೋಟದ ತಳದಲ್ಲಿ ಮೊಸರು ಉಂಡೆಯುಂಡೆಯಾಗಿ ಉಳೀತು."

ಲೆಕ್ಕ ಲೋಟದಿಂದ ಶುರು ಮಾಡಿ ಸರ್. 200 ಮಿ.ಲೀ. ಲೋಟ ಆದರೆ 30 ಲೀಟರ್ ಮಜ್ಜಿಗೆ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಅಂದರೆ ಏಳೂವರೆ ಲೀಟರ್ ಮೊಸರು ಬೇಕು. ಕಾಯಿಸುವಾಗ ಸ್ವಲ್ಪ ಇಂಗುತ್ತೆ, ಎಂಟು ಲೀಟರ್ ಹಾಲು ತಗೊಳ್ಳಿ.

ಹೆಪ್ಪು ಲೀಟರಿಗೆ ಒಂದು ಟೀ ಚಮಚ ಸಾಕು, ಎಂಟು ಲೀಟರಿಗೆ ಎಂಟು. ಚಳಿ ಇದ್ದರೆ ಇದರ ಎರಡರಷ್ಟು. ಇದೇ ಪ್ರಶ್ನೆಗೆ ಒಬ್ಬರು "ಹೆಪ್ಪು ಜಾಸ್ತಿ ಹಾಕಿ, ಗಟ್ಟಿಯಾಗುತ್ತೆ" ಅಂದಿದ್ದಾರೆ. ಬೇಗ ಹೆಪ್ಪುಗಟ್ಟುತ್ತೆ ಅನ್ನೋದು ನಿಜ. ಆದರೆ ಹುಳಿಯೂ ಅಷ್ಟೇ ಬೇಗ ಏರಿ ಮೊಸರು ನೀರು ಬಿಟ್ಟುಕೊಳ್ಳುತ್ತೆ. ಗಟ್ಟಿ ಬೇಕಾದರೆ ಹಾಲು ಉಕ್ಕು ಬಂದಮೇಲೂ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಕೈಯಾಡಿಸುತ್ತಾ ಇರಿ.

ನಿಮಗೆ ಹುಳಿಯಾಗಿದ್ದು ಬಹುಶಃ ದೊಡ್ಡ ಪಾತ್ರೆಯಿಂದ. ಎಂಟು ಲೀಟರ್ ಒಂದೇ ಕಡೆ ಇದ್ದರೆ ಗಂಟೆಗಟ್ಟಲೆ ಬಿಸಿ ಆರಲ್ಲ, ಮೊಸರಾದಮೇಲೂ ಒಳಗೊಳಗೇ ಹುಳಿ ಏರ್ತಾ ಇರುತ್ತೆ. ನಾಲ್ಕು ಪಾತ್ರೆಗೆ ಎರಡೆರಡು ಲೀಟರ್ ಹಾಕಿ. 40 ಡಿಗ್ರಿ ಆಸುಪಾಸಿಗೆ ಬಂದಾಗ, ಅಂದರೆ ಬೆರಳು ಅದ್ದಿದರೆ ಬೆಚ್ಚಗಿದ್ದು ಸುಡದೇ ಇರುವಾಗ, ಹೆಪ್ಪನ್ನು ಒಂದು ಸೌಟು ಹಾಲಿನಲ್ಲಿ ಕದಡಿ ಬೆರೆಸಿ. ಸುಡುವ ಹಾಲಿಗೆ ಹಾಕಿದರೆ ಹೆಪ್ಪು ಸತ್ತುಹೋಗುತ್ತೆ, ಬೆಳಗ್ಗೆ ನೋಡಿದರೆ ಹಾಲು ಹಾಲಾಗೇ ಇರುತ್ತೆ. ಬೇಸಿಗೆಯಲ್ಲಿ ಐದು ಗಂಟೆಯಿಂದಲೇ ನೋಡ್ತಾ ಇರಿ. ಪಾತ್ರೆ ವಾಲಿಸಿದಾಗ ಮೊಸರು ಅಂಚು ಬಿಟ್ಟು ಇಡಿಯಾಗಿ ಸರಿದರೆ ಆಯ್ತು, ತಕ್ಷಣ ಫ್ರಿಜ್‌ಗೆ.

ಉಂಡೆಗೆ ಕಾರಣ ನೀರನ್ನು ಒಮ್ಮೆಲೇ ಸುರಿಯೋದು. ಉಂಡೆ ನೀರಲ್ಲಿ ಜಾರಿಕೊಳ್ಳುತ್ತೆ, ಕಡೆಗೋಲಿಗೆ ಸಿಗಲ್ಲ. ಮೊದಲು ಬರೀ ಮೊಸರು ಕಡೀರಿ, ನುಣ್ಣಗಾದಮೇಲೆ ಮೊಸರಿನಷ್ಟೇ ನೀರು ಹಾಕಿ ಮತ್ತೆ ಕಡೀರಿ, ಉಳಿದದ್ದು ಆಮೇಲೆ. ಐಸ್ ಹಾಕೋದಾದರೆ ಅದೂ ನೀರೇ. ಐದು ಕೆ.ಜಿ. ಐಸ್‌ಗೆ ಐದು ಲೀಟರ್ ನೀರು ಕಡಿಮೆ ಮಾಡಿ, ಇಲ್ಲದಿದ್ದರೆ ಕೊನೆಯವರಿಗೆ ಸಿಗೋದು ಬಿಳಿ ನೀರು.

ಉಪ್ಪು 120 ಗ್ರಾಂ ಹಾಕಿ ರುಚಿ ನೋಡಿ, 150ರವರೆಗೂ ಹೋಗಬಹುದು. ಹಸಿಶುಂಠಿ ಹಾಕೋದಾದರೆ ಬಡಿಸುವ ಹೊತ್ತಿಗೆ. ಮೊದಲೇ ಹಾಕಿಟ್ಟರೆ ಕಹಿ ಬರುತ್ತೆ.

ಇನ್ನೊಬ್ಬರು ತಮ್ಮ ಮಜ್ಜಿಗೆಯಲ್ಲಿ ಬೆಣ್ಣೆ ಬರ್ತಿಲ್ಲ ಅಂತ ಕೇಳಿದ್ದಾರೆ. ಅದು ಬೇರೆ ವಿಷಯ ಮೇಡಂ, ಇಲ್ಲಿ ಬೆಣ್ಣೆ ಬರಬಾರದು. ಬಂದರೆ ಜಾಸ್ತಿ ಕಡೆದಿದ್ದೀರಿ ಅಂತ ಅರ್ಥ.

ಒಂದಕ್ಕೆ ನಾಲ್ಕು ನೀರು ಅನ್ನೋರೂ ಇದ್ದಾರೆ. ಮೊಸರು ಹುಳಿ ಇದ್ದರೆ ನಡೆಯುತ್ತೆ, ಸಿಹಿ ಮೊಸರಿಗೆ ನನ್ನ ಪ್ರಕಾರ ಸಪ್ಪೆ. ಒಂದು ಲೋಟದಲ್ಲಿ ಬೆರೆಸಿ ನೋಡಿ ನೀವೇ ತೀರ್ಮಾನಿಸಿ. ಬಡಿಸುವವರಿಗೆ ಹೇಳಿಬಿಡಿ, ಪ್ರತಿ ಸಲ ತಳದಿಂದ ಕಲಕಿಯೇ ಸೌಟು ಎತ್ತಬೇಕು.