ಸಾರಾಂಶ ಕೇಳುವ ಮೊದಲು ಯಾರಿಗೆ, ಎಷ್ಟು, ಹೇಗೆ ಅಂತ ಬರೆದುಬಿಡಿ

"ಸೈನಿಕ ಹುಳದ ತರಬೇತಿ ರೆಕಾರ್ಡ್ ಮಾಡ್ಕೊಂಡಿದ್ದೆ, 1 ಗಂಟೆ 40 ನಿಮಿಷ ಇದೆ. ಮಾತೆಲ್ಲ ಬರಹಕ್ಕೆ ಇಳಿಸಿದೆ. ಎ.ಐ. ಆ್ಯಪಿಗೆ ಹಾಕಿ ಸಾರಾಂಶ ಮಾಡು ಅಂದ್ರೆ ಸ್ವಾಗತ ಭಾಷಣದಿಂದ ಶುರು ಮಾಡುತ್ತೆ. ಹೇಗೆ ಕೇಳಬೇಕು?"

ತಮ್ಮಾ, ಮೊದಲು ಒಂದು ಮಾತು. ನಿಮ್ಮ ಪ್ರಶ್ನೆಗೆ ಹರಿಹರದ ಅಣ್ಣ ಯಾವ ಔಷಧಿ ಹೊಡೀಬೇಕು ಅಂತ ಉತ್ತರ ಕೊಟ್ಟಿದ್ದಾರೆ. ಅದು ಒಳ್ಳೆಯದೇ, ಆದರೆ ನೀವು ಕೇಳಿದ್ದು ಅದಲ್ಲ. ಮಾಯಕೊಂಡದ ಅಕ್ಕ "10 ಸಾಲಿನಲ್ಲಿ ಕೊಡು ಅಂದ್ರೆ ಸಾಕು" ಅಂದಿದ್ದಾರೆ. ಅದು ಅರ್ಧ ಸರಿ. ಸಾಲು ಹೇಳಿದರೆ ಉದ್ದ ಕಡಿಮೆ ಆಗುತ್ತದೆ. ಆದರೆ ಆ 10 ಸಾಲಿನಲ್ಲಿ 3 ಸಾಲು ಸ್ವಾಗತಕ್ಕೇ ಹೋದರೆ ಏನು ಪ್ರಯೋಜನ?

ನಾನು ಹೋದ ವರ್ಷ ಇಂಥದೇ ಬರಹ ಇಟ್ಟುಕೊಂಡು ಮೂರು ಸಲ ಒದ್ದಾಡಿದೆ. ಕೊನೆಗೆ ಸರಿ ಬಂದದ್ದು ಹೀಗೆ ಬರೆದಾಗ:

"ಇದನ್ನು ಓದುವವರು ದಾವಣಗೆರೆ ಕಡೆಯ ಮಳೆಯಾಶ್ರಿತ ಮೆಕ್ಕೆಜೋಳದ ರೈತರು. ಬಿತ್ತಿ 20 ದಿನ ಆಗಿದೆ, ಹೊಲದಲ್ಲಿ ನಿಂತು ಫೋನಿನಲ್ಲಿ ಓದುತ್ತಾರೆ. 12 ಸಾಲು ಮೀರಬಾರದು. ಭಾಷಣದ ಕ್ರಮ ಬೇಡ, ಬೆಳೆಯ ವಯಸ್ಸಿನ ಕ್ರಮದಲ್ಲಿ ಕೊಡು. ಪ್ರತಿ ಸಾಲಿನಲ್ಲಿ ಯಾವಾಗ, ಏನು, ಎಷ್ಟು. ಸ್ವಾಗತ, ವಂದನೆ, ಸಬ್ಸಿಡಿ, ಬೀಜದ ಕಂಪನಿಯ ಮಾತು ಬಿಡು. ಬರಹದಲ್ಲಿ ಇಲ್ಲದ್ದನ್ನು ಸೇರಿಸಬೇಡ. ಪ್ರಮಾಣ ಅಸ್ಪಷ್ಟವಾಗಿದ್ದರೆ ಊಹಿಸಬೇಡ, 'ಕೇಳಿ ನೋಡಿ' ಅಂತ ಬರೆ."

ಇದರ ಕೆಳಗೆ ಒಂದು ಗೆರೆ ಎಳೆದು, ಆಮೇಲೆ ಬರಹ ಹಾಕಿದೆ. ಇಷ್ಟುದ್ದದ ಬರಹದಲ್ಲಿ ಮೇಲೆ ಹೇಳಿದ್ದು ಆ್ಯಪಿಗೆ ಕೆಲವು ಸಲ ಮರೆತುಹೋಗುತ್ತದೆ. ಅದಕ್ಕೆ ಸಾಲಿನ ಲೆಕ್ಕ ಮತ್ತು ಬೇಡದ ವಿಷಯಗಳನ್ನು ಕೊನೆಯಲ್ಲಿ ಇನ್ನೊಮ್ಮೆ ಬರೆಯುತ್ತೇನೆ.

ಓದುವವರು ಯಾರು ಅಂತ ಹೇಳಿದ್ದಕ್ಕೇ ಜಾಸ್ತಿ ವ್ಯತ್ಯಾಸ ಬಂತು. ಮೊದಲ ಸಲ ಅದನ್ನು ಹೇಳಿರಲಿಲ್ಲ. ಹುಳದ ಜೀವನಚಕ್ರ, ಅದು ಎಲ್ಲಿಂದ ಬಂತು ಅಂತ ಅರ್ಧ ಪುಟ ಬಂತು. ಸುಳಿಯೊಳಗೆ ಬೀಳುವ ಹಾಗೆ ಸಿಂಪಡಿಸಬೇಕು ಅನ್ನುವ ಮಾತೇ ಬಿಟ್ಟುಹೋಗಿತ್ತು. 20 ದಿನದ ಪೈರು ಇರುವವನಿಗೆ ಬೇಕಾದದ್ದು ಅದೇ ಅಲ್ವಾ?

ಬೇಡದ್ದನ್ನು ಹೇಳುವಾಗ ಮಾತ್ರ ಜೋಪಾನ. ಎರಡನೇ ಸಲ ನಾನು "ಪ್ರಶ್ನೋತ್ತರ ಬಿಡು" ಅಂತ ಬರೆದಿದ್ದೆ. ಅಲ್ಲಿ ಬರೀ ಗಲಾಟೆ ಅಂದುಕೊಂಡಿದ್ದೆ. ಆದರೆ ಒಬ್ಬ ಹೆಣ್ಣುಮಗಳು ಕೇಳಿದ್ದಕ್ಕೆ ಅಧಿಕಾರಿ ಅಲ್ಲೇ ಹೇಳಿದ್ದರು: ಸೂಲಂಗಿ ಬಂದ ಮೇಲೆ ಔಷಧಿ ಹೊಡೆದರೆ ಖರ್ಚಿಗೆ ತಕ್ಕ ಫಲ ಇಲ್ಲ, ಹುಳ ಕೈಯಿಂದ ಆರಿಸಿ ಅಂತ. ಅದೂ ಹೋಗಿಬಿಟ್ಟಿತು. ಹಾಗಾಗಿ ಬೇಡದ್ದನ್ನು ವಿಷಯದ ಹೆಸರು ಹಿಡಿದು ಹೇಳಿ. ರೆಕಾರ್ಡಿಂಗಿನ ಇಡೀ ಭಾಗವನ್ನು ತೆಗೆಯಬೇಡಿ.

ಇನ್ನು ಔಷಧಿಯ ಪ್ರಮಾಣ. ಇದನ್ನು ನಿಜವಾಗಿ ಹೆದರಿಯೇ ಬರೆಯುತ್ತಿದ್ದೇನೆ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ. ತರಬೇತಿಯ ಅಧಿಕಾರಿ ಮಾತಿನಲ್ಲಿ "ಪಾಯಿಂಟ್ ನಾಲ್ಕು" ಅಂದಿದ್ದರು, ಬರಹದಲ್ಲಿ "4 ಗ್ರಾಂ" ಅಂತ ಬಿದ್ದಿತ್ತು. 16 ಲೀಟರ್ ಕ್ಯಾನಿಗೆ 6.4 ಗ್ರಾಂ ಹಾಕುವ ಜಾಗದಲ್ಲಿ 64 ಗ್ರಾಂ ಆಗುತ್ತದೆ, ಹತ್ತು ಪಟ್ಟು. ಸಾರಾಂಶ ಎಷ್ಟೇ ಚೆನ್ನಾಗಿ ಕೇಳಿದರೂ ಇದು ಸರಿಹೋಗಲ್ಲ. ತಪ್ಪು ಅದಕ್ಕೂ ಮೊದಲೇ, ಬರಹಕ್ಕೆ ಇಳಿಸುವಾಗಲೇ ಆಗಿದೆ. "4 ಗ್ರಾಂ" ಅಂತ ಸ್ಪಷ್ಟವಾಗಿಯೇ ಇರುವುದರಿಂದ "ಕೇಳಿ ನೋಡಿ" ಅಂತಲೂ ಬರಲ್ಲ. ನಿಮ್ಮ ಬರಹದಲ್ಲಿ ನಿಮಿಷದ ಗುರುತು ಇದ್ದರೆ "ಪ್ರತಿ ಪ್ರಮಾಣದ ಪಕ್ಕ ಅದು ಬಂದ ನಿಮಿಷ ಬರೆ" ಅಂತ ಸೇರಿಸಿ. ಆ ನಿಮಿಷಕ್ಕೆ ಹೋಗಿ ಕಿವಿಯಿಂದ ಕೇಳಿ, ಡಬ್ಬಿಯ ಲೇಬಲ್ ಜೊತೆ ಹೋಲಿಸಿ. ಅದಾಗುವವರೆಗೆ ಗುಂಪಿಗೆ ಹಾಕಬೇಡಿ.

ಬರಹವನ್ನು ಒಟ್ಟಿಗೆ ಕೊಡಬೇಕೋ, ತುಂಡು ಮಾಡಿ ಕೊಡಬೇಕೋ ಅಂತ ನನಗೂ ನಮ್ಮ ಮೇಷ್ಟ್ರಿಗೂ ವಾದ ಇದೆ. ತುಂಡು ಮಾಡಿದರೆ ಏನೂ ಬಿಟ್ಟುಹೋಗಲ್ಲ ಅಂತಾರೆ ಅವರು. ನನಗೆ ಹಾಗೆ ಮಾಡಿದಾಗ ಹುಳಕ್ಕೆ ಹಾಕುವ ವಿಷದ ತಿಂಡಿಯ ವಿಷಯ ಎರಡು ಕಡೆ ಅರ್ಧರ್ಧ ಬಂತು. 10 ಕೆಜಿ ತೌಡು, 2 ಕೆಜಿ ಬೆಲ್ಲ ಅಂತ ಒಂದು ತುಂಡಿನಲ್ಲಿ, ಔಷಧಿ ಯಾವಾಗ ಬೆರೆಸಬೇಕು ಅನ್ನುವುದು ಇನ್ನೊಂದರಲ್ಲಿ. ನೀವು ಎರಡೂ ಮಾಡಿ ನೋಡಿ, ಯಾವುದು ಸರಿ ಬಂತು ಅಂತ ಇಲ್ಲಿ ಬರೆಯಿರಿ.

ಜಗಳೂರಿನ ಅಣ್ಣ, ನೀವು ಸಾರಾಂಶ ಮಾಡಬೇಕಾದದ್ದು ಹಾಲಿನ ಸಂಘದ ಸಭೆ. ಅಲ್ಲಿ ನಾನು ಆ್ಯಪಿಗೆ ಬರೆದದ್ದನ್ನು ಹಾಗೇ ಹಾಕಬೇಡಿ. ಓದುವವರು ಸಭೆಗೆ ಬಾರದ ಸದಸ್ಯರು. ಯಾರು ಏನು ಒಪ್ಪಿಕೊಂಡರು, ಎಷ್ಟು ರೂಪಾಯಿ, ಯಾವ ದಿನದೊಳಗೆ ಅನ್ನುವುದು ಉಳಿಯಲೇಬೇಕು. ಬಿಡಬೇಕಾದದ್ದು ಬರೀ ಜಗಳ.