ಬಡ್ಡಿ ಅಲ್ಲ, ಕತ್ತರಿ: ಮುಂಗಡ ಬರುವ ಮೊದಲು ಬಟ್ಟೆ ಕೊಳ್ಳಬೇಕಾದಾಗ

ಮನೆಯಿಂದಲೇ ಸಣ್ಣ ವ್ಯಾಪಾರ ಮಾಡುವವರಿಗೆ ಸಲಹೆ ಕೊಡುವ ನನ್ನ ಹತ್ತಿರ ಈ ತರಹದ ಪ್ರಕರಣ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಊರು ಬದಲಿಸಿದ್ದೇನೆ, ಲೆಕ್ಕವನ್ನು ಸ್ವಲ್ಪ ಸರಳ ಮಾಡಿದ್ದೇನೆ.

ಸುಮಾ ಅಂತ ಇಟ್ಟುಕೊಳ್ಳೋಣ. ಮನೆಯಲ್ಲೇ ಬಟ್ಟೆ ಚೀಲ ಹೊಲಿಸುತ್ತಾರೆ, ಐದಾರು ಹೆಂಗಸರು ಬಂದು ಹೊಲಿದುಕೊಡುತ್ತಾರೆ. ಒಂದು ಕಂಪನಿ ತನ್ನ ಹೆಸರು ಪ್ರಿಂಟ್ ಮಾಡಿಸಿದ 4,000 ಚೀಲ ಕೇಳಿತು, ಒಂದಕ್ಕೆ 60 ರೂಪಾಯಿ. ಅರ್ಧ ಮುಂಗಡ ಕೊಡುತ್ತೇವೆ, ಆದರೆ ಕೆಲಸ ಈಗಲೇ ಶುರು ಮಾಡಿ ಅಂದರು. ಬಟ್ಟೆ, ಹಿಡಿಕೆ ಪಟ್ಟಿ, ದಾರ ಸೇರಿ 1,10,000 ಬೇಕು. ಗಂಡ ಬಳೆ ಅಡ ಇಡೋಣ ಅಂದ. ಅತ್ತೆ ಒಪ್ಪಲಿಲ್ಲ. ಮನೆಯಲ್ಲಿ ಜಗಳ, ಸುಮಾ ಅವರಿಗೆ ನಿದ್ದೆ ಇಲ್ಲ.

ಅವರ ತಲೆಯಲ್ಲಿ ಇದ್ದದ್ದು ಬಡ್ಡಿ ಒಂದೇ. ಹಾಗಾಗಿ ಮೊದಲು ಅದನ್ನೇ ಲೆಕ್ಕ ಹಾಕಿದೆವು. ಬ್ಯಾಂಕಿನ ಚಿನ್ನದ ಸಾಲ ವರ್ಷಕ್ಕೆ 10 ಪರ್ಸೆಂಟ್ ಅಂತ ಹಿಡಿದರೆ ಎರಡು ತಿಂಗಳಿಗೆ ಸುಮಾರು 1,800 ರೂಪಾಯಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದರೂ 6,600. ಈ ಆರ್ಡರ್‌ನಲ್ಲಿ ಹೊಲಿಗೆ, ಪ್ರಿಂಟ್, ಸಾಗಣೆ ಎಲ್ಲ ಕಳೆದು ಉಳಿಯುವುದು 56,000. ಬಡ್ಡಿ ಕಟ್ಟಿದರೂ ಮುಳುಗುವುದಿಲ್ಲ, ಅಲ್ವಾ? "ಮತ್ತೆ ಹೆದರಿಕೆ ಯಾತಕ್ಕೆ ಮೇಡಂ?" ಅಂದರು.

ನಾನು ತಿರುಗಿ ಕೇಳಿದೆ, "ಬಟ್ಟೆ ತಂದ ಮೇಲೆ ಕಂಪನಿಯವರು ಬೇಡ ಅಂದರೆ?"

"ಅಂಗಡಿಯವರೇ ಸ್ವಲ್ಪ ಮುರಿದುಕೊಂಡು ವಾಪಸ್ ತಗೋತಾರೆ. ಇಲ್ಲಾಂದ್ರೆ ಬೇರೆ ಚೀಲಕ್ಕೆ ಬಳಸ್ತೀನಿ. ಕೋರಾ ಬಟ್ಟೆ ಅಲ್ವಾ, ಎಲ್ಲದಕ್ಕೂ ಆಗುತ್ತೆ."

"ಕತ್ತರಿಸಿ, ಅವರ ಹೆಸರು ಪ್ರಿಂಟ್ ಹಾಕಿಸಿದ ಮೇಲೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಯಾರ ಮನೇಗೂ ಬೇಡ ಮೇಡಂ. ತರಕಾರಿ ತರೋಕೂ ಬೇರೆಯವರ ಹೆಸರಿನ ಚೀಲ ದುಡ್ಡು ಕೊಟ್ಟು ಯಾರು ತಗೋತಾರೆ?" ಅಂದರು. ಆವತ್ತಿನ ಮಾತುಕತೆ ತಿರುಗಿದ್ದು ಅಲ್ಲೇ. ಕೋರಾ ಬಟ್ಟೆ ಇರುವ ತನಕ ಅದು ಹೆಚ್ಚುಕಡಿಮೆ ದುಡ್ಡೇ. ಕತ್ತರಿ ಬಿದ್ದು ಪ್ರಿಂಟ್ ಆದ ಕ್ಷಣದಿಂದ ಅದಕ್ಕೆ ಇರುವುದು ಒಬ್ಬನೇ ಗಿರಾಕಿ, ಅವನೂ ಇನ್ನೂ ದುಡ್ಡು ಕೊಟ್ಟಿಲ್ಲ.

ನಾನು ಹೇಳಿದ್ದು ಇಷ್ಟು. ಮುಂಗಡ ಬ್ಯಾಂಕ್ ಖಾತೆಗೆ ಬೀಳುವ ತನಕ ಸ್ಯಾಂಪಲ್ ಬಿಟ್ಟು ಒಂದು ಮೀಟರ್ ಕೂಡ ಕತ್ತರಿಸಬೇಡಿ. ಬೇಕಿರುವುದು ಸುಮಾರು 1,000 ಮೀಟರ್. ಈಗ 250 ಮೀಟರ್ ಮಾತ್ರ ಕೈಯಲ್ಲಿರುವ ಉಳಿತಾಯದಿಂದ ತನ್ನಿ. ಮಿಕ್ಕ 750 ಮೀಟರ್ ಅದೇ ಲಾಟ್‌ನಿಂದ ತೆಗೆದಿಡಿ ಅಂತ ಅಂಗಡಿಯವರಿಗೆ 5,000 ಟೋಕನ್ ಕೊಡಿ. ಲಾಟ್ ಬದಲಾದರೆ ಕೋರಾ ಬಟ್ಟೆಯ ಬಣ್ಣ ಒಂಚೂರು ಬೇರೆ ಕಾಣುತ್ತದೆ, ಕಂಪನಿಯವರು ಅದನ್ನೇ ಹಿಡಿದು ತಕರಾರು ಮಾಡಬಹುದು. ಬಳೆ ಅಡ ಇಡುವ ಮಾತು ಆಮೇಲೆ ನೋಡೋಣ.

ಇನ್ನೊಂದು, ಕಂಪನಿಗೆ ಬರೆದು ಕಳಿಸಿ: "ಮುಂಗಡ ಜಮಾ ಆದ ದಿನದಿಂದ 25 ದಿನಕ್ಕೆ ಮಾಲು." ದಿನಾಂಕ ಬರೆಯಬೇಡಿ. ದಿನಾಂಕ ಬರೆದರೆ ಅವರು ತಡ ಮಾಡಿದ ದಿನಗಳೆಲ್ಲ ನಿಮ್ಮ ತಲೆ ಮೇಲೆ ಬರುತ್ತವೆ. ಆರ್ಡರ್ ಕೊಟ್ಟವರನ್ನು ಬಿಟ್ಟು ಅಕೌಂಟ್ಸ್‌ನವರಿಗೆ ಫೋನ್ ಮಾಡಿ, ನಮ್ಮ ವೆಂಡರ್ ನೋಂದಣಿ ಆಗಿದೆಯಾ, ಪೇಮೆಂಟ್ ಯಾವ ತಾರೀಖು ಬಿಡ್ತೀರಾ ಅಂತ ಕೇಳಿ. ಚೀಲ ಬೇಕು ಅನ್ನುವವರು ಒಬ್ಬರು, ದುಡ್ಡು ಬಿಡುವವರು ಇನ್ನೊಬ್ಬರು. ಪ್ಯಾನ್, ರದ್ದು ಮಾಡಿದ ಚೆಕ್, ಪ್ರೊಫಾರ್ಮಾ ಬಿಲ್ ಇವುಗಳಲ್ಲಿ ಒಂದು ಕಾಗದ ಇಲ್ಲದೆ ಮುಂಗಡ ವಾರಗಟ್ಟಲೆ ನಿಂತಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಗಂಡನಿಗೆ ನನ್ನ ಮೇಲೆ ಸಿಟ್ಟು ಬಂತು. "ಹಿಂಗೆ ಕೂತರೆ ಆರ್ಡರ್ ಬೇರೆಯವರಿಗೆ ಹೋಗುತ್ತೆ" ಅಂದರು. ಹೋಗಬಹುದು, ಸುಳ್ಳಲ್ಲ. ಸಲಹೆ ಕೊಡುವವರಿಗೆ ವ್ಯಾಪಾರದ ಧೈರ್ಯ ಇಲ್ಲ ಅಂತ ಬಯ್ಯುವವರೂ ಇದ್ದಾರೆ. ಆದರೆ ಮುಂಗಡದ ತಾರೀಖು ಕೇಳಿದ್ದಕ್ಕೇ ಓಡಿಹೋಗುವ ಗಿರಾಕಿ, ಮಾಲು ಕೊಟ್ಟ ಮೇಲೆ ಬಾಕಿ 1,20,000 ಸುಲಭವಾಗಿ ಕೊಡುತ್ತಾನೆ ಅಂತ ನಾನಂತೂ ನಂಬುವುದಿಲ್ಲ. ಆ ಬಾಕಿಗಾಗಿ, ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್ ಮೇಲೆ ಹಾಕಿ ಅಂದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮಾಲು ಒಪ್ಪಿಕೊಂಡ ಮೇಲೆ 45 ದಿನಕ್ಕಿಂತ ಜಾಸ್ತಿ ದುಡ್ಡು ತಡೆಯುವ ಹಾಗಿಲ್ಲ. ಅದು ಬಾಕಿಗೆ ನೆರವಾಗುತ್ತದೆ, ಬಾರದ ಮುಂಗಡಕ್ಕೆ ಅಲ್ಲ.

ಮುಂಗಡ ತಡವಾಗಿಯೇ ಬಂತು. ಅಷ್ಟರಲ್ಲಿ ಕಂಪನಿ 4,000ವನ್ನು 3,000ಕ್ಕೆ ಇಳಿಸಿತ್ತು. ಸುಮಾ ಅವರು 500 ಮೀಟರ್ ಮಾತ್ರ ಮತ್ತೆ ಕೊಂಡರು, ಬಳೆ ಕೈಯಲ್ಲೇ ಉಳಿಯಿತು. ಮೂರು ವಾರ ಕೆಲಸ ಇಲ್ಲದೆ ಕೂತ ಹೆಂಗಸರಿಗೆ ಆದ ನಷ್ಟವನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ.

ಉಪ್ಪಿನಕಾಯಿ ಹಾಕುವವರು ಇದನ್ನು ಓದಿ ಹಾಗೇ ಮಾಡಲು ಹೋಗಬೇಡಿ. ಮಾವಿನಕಾಯಿಯನ್ನು ಕೋರಾ ಬಟ್ಟೆಯಂತೆ ಗಂಟು ಕಟ್ಟಿ ಇಡೋಕಾಗಲ್ಲ, ತಂದ ದಿನದಿಂದಲೇ ಅದರ ಬೆಲೆ ಇಳಿಯುತ್ತದೆ. ಅಂಥ ಆರ್ಡರ್‌ಗೆ ಕಾಯಿಯ ದುಡ್ಡನ್ನು ಗಿರಾಕಿಯೇ ನೇರವಾಗಿ ಮಂಡಿಯವರಿಗೆ ಕಟ್ಟಲಿ, ನೀವು ಹಾಕಿಕೊಡುವ ಕೂಲಿ ಮಾತ್ರ ತಗೊಳ್ಳಿ. ಒಪ್ಪದಿದ್ದರೆ, ಆರ್ಡರ್ ಕೈತಪ್ಪಿದರೂ ನೀವೇ ಬಾಟಲಿಯಲ್ಲಿ ತುಂಬಿ ಮಾರಬಲ್ಲಷ್ಟು ಕಾಯಿಯನ್ನೇ ತನ್ನಿ.