ಹೊಸ ಹೆಸರು, ಹೊಸ ಡೊಮೇನ್: ಹಳೆಯದನ್ನು ಏನು ಮಾಡಬೇಕು?

"ನಮ್ಮ ಬಿಸಿನೆಸ್ಸಿನ ಹೆಸರು, ಲೋಗೋ, ಡೊಮೇನ್ ಮೂರೂ ಬದಲಾಗ್ತಿದೆ. ಗ್ರಾಹಕರಿಗೆ ಗೊಂದಲ ಆಗದ ಹಾಗೆ, ಗೂಗಲ್‌ನಲ್ಲಿ ಕೆಳಗೆ ಬೀಳದ ಹಾಗೆ ಹೇಗೆ ಮಾಡೋದು?"

ಲೋಗೋ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏಟು ಬೀಳುವುದು ಡೊಮೇನ್‌ನಲ್ಲಿ. ಸೈಟುಗಳನ್ನು ಸ್ಥಳಾಂತರಿಸುವುದು ನನ್ನ ಕೆಲಸ. ತುಂಬಾ ಜನ ಹಳೆ ಸೈಟಿನ ಎಲ್ಲ ಪುಟಗಳನ್ನೂ ಸುಮ್ನೆ ಹೊಸ ಸೈಟಿನ ಮುಖಪುಟಕ್ಕೆ ತಿರುಗಿಸಿಬಿಡುತ್ತಾರೆ. ಪಂಪ್ ರಿಪೇರಿ ಹುಡುಕಿ ಬಂದವನಿಗೆ ಮುಖಪುಟ ಸಿಕ್ಕರೆ ಅವನು ವಾಪಸ್ ಹೋಗುತ್ತಾನೆ, ಗೂಗಲ್ ಕೂಡ ಅಂಥದ್ದನ್ನು 'ಪುಟವೇ ಇಲ್ಲ' ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಹಾಗಾಗಿ ಒಂದೊಂದು ಹಳೆ ಪುಟಕ್ಕೂ ಅದೇ ವಿಷಯದ ಹೊಸ ಪುಟ ಸಿಗಬೇಕು, ಅದೂ 301 ಮೂಲಕ, ಅಂದರೆ 'ಕಾಯಂ ಆಗಿ ಹೋಗಿದೆ' ಎನ್ನುವ ರೀಡೈರೆಕ್ಟ್. ಪುಟಗಳ ದಾರಿ, ಅಂದರೆ ವಿಳಾಸದಲ್ಲಿ ಡೊಮೇನ್ ನಂತರದ ಭಾಗ, ಹಾಗೇ ಇಟ್ಟುಕೊಂಡು ಡೊಮೇನ್ ಮಾತ್ರ ಬದಲಾಯಿಸಿದರೆ, ವೆಬ್ ಸರ್ವರ್ ಆದ nginx‌ನಲ್ಲಿ ಹಳೆ ಡೊಮೇನ್‌ನ server ಬ್ಲಾಕ್ ಒಳಗೆ ಒಂದೇ ಸಾಲು ಸಾಕು:

```
return 301 https://new.example$request_uri;
```

ಆಮೇಲೆ ಟರ್ಮಿನಲ್‌ನಲ್ಲಿ ಹೀಗೆ ನೋಡಿ:

```
curl -I https://old.example/repair/pump
```

ಉತ್ತರದಲ್ಲಿ 301 ಇರಬೇಕು, Location ಸಾಲಿನಲ್ಲಿ ನೇರವಾಗಿ https://new.example/repair/pump ಇರಬೇಕು. 302 ಬಂದರೆ 'ತಾತ್ಕಾಲಿಕ' ಅಂತ ಅರ್ಥ, ಸರಿಪಡಿಸಿ. ಡೊಮೇನ್ ಬದಲಾಯಿಸುವ ದಿನವೇ ವಿನ್ಯಾಸವನ್ನೂ ಪುಟಗಳ ದಾರಿಯನ್ನೂ ಬದಲಾಯಿಸಬೇಡಿ ಎನ್ನುತ್ತೇನೆ. ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ?

ರೀಡೈರೆಕ್ಟ್ ಸರಿ ಇದೆ ಎಂದಾದ ಮೇಲೆ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಎರಡೂ ಡೊಮೇನ್‌ಗಳನ್ನು ಸೇರಿಸಿ, ಹಳೆಯದರ ಸೆಟ್ಟಿಂಗ್ಸ್‌ನಲ್ಲಿ ವಿಳಾಸ ಬದಲಾವಣೆ ತಿಳಿಸಿ. ಕೆಲವು ವಾರ ಸ್ಥಾನ ಮೇಲೆ ಕೆಳಗೆ ಆಗುತ್ತದೆ, ಗಾಬರಿ ಬೇಡ. ಗೂಗಲ್ ಸೇರಿಸಿಕೊಂಡ ಪುಟಗಳ ಸಂಖ್ಯೆ ಹಳೆಯದರಲ್ಲಿ ಇಳಿದು ಹೊಸದರಲ್ಲಿ ಏರುತ್ತಿದ್ದರೆ ಸರಿಯಾಗಿದೆ. ಹಳೆಯದು ಇಳಿದು ಹೊಸದು ಏರದಿದ್ದರೆ ರೀಡೈರೆಕ್ಟ್ ಪಟ್ಟಿಯನ್ನು ಮತ್ತೆ ನೋಡಿ.

ಹಳೆ ಡೊಮೇನ್ ಬಿಟ್ಟುಕೊಡಬೇಡಿ. ರೀಡೈರೆಕ್ಟ್ ಕನಿಷ್ಠ 1 ವರ್ಷ ಇರಲಿ ಎಂದು ಗೂಗಲ್ಲೇ ಹೇಳುತ್ತದೆ, ನಾನಾದರೆ ಡೊಮೇನ್ ನವೀಕರಣ ನಿಲ್ಲಿಸುವುದೇ ಇಲ್ಲ. ಹಳೆ ಡೊಮೇನ್‌ನ HTTPS ಸರ್ಟಿಫಿಕೇಟ್ ಕೂಡ ಜೀವಂತ ಇರಬೇಕು, ಇಲ್ಲದಿದ್ದರೆ ರೀಡೈರೆಕ್ಟ್ ಆಗುವ ಮೊದಲೇ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ. ಇನ್ನೊಂದು, ರೀಡೈರೆಕ್ಟ್ ಇಮೇಲನ್ನು ಮುಟ್ಟುವುದಿಲ್ಲ. ಹಳೆ ವಿಳಾಸಕ್ಕೆ ಬರುವ ಮೇಲ್ ಹೊಸದಕ್ಕೆ ಹೋಗುವಂತೆ ಬೇರೆಯಾಗಿಯೇ ಮಾಡಬೇಕು. ಡೊಮೇನ್ ಕೈಬಿಟ್ಟರೆ ಅದನ್ನು ಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಬದಲಾವಣೆಯ ಮೇಲ್‌ಗಳೂ ಸಿಗಬಹುದು.

ಗ್ರಾಹಕರಿಗೆ? ಬದಲಾಗುವ ಮೊದಲೇ ಹಳೆ ಹೆಸರಿನಿಂದ ಒಂದು ಮೇಲ್ ಕಳಿಸಿ. ಹೊಸ ಹೆಸರಿನಿಂದ ಬಂದರೆ ಮೋಸ ಅಂದುಕೊಳ್ಳುತ್ತಾರೆ. ಸೈಟಿನಲ್ಲೂ ಬಿಲ್ಲಿನಲ್ಲೂ ಹೊಸ ಹೆಸರಿನ ಕೆಳಗೆ 'ಮೊದಲಿನ ಹೆಸರು ಇಂಥದ್ದು' ಅಂತ ಕೆಲವು ತಿಂಗಳು ಇರಲಿ. ಗೂಗಲ್ ಮ್ಯಾಪ್ಸ್‌ನಲ್ಲಿ ಹೊಸ ಪ್ರೊಫೈಲ್ ಮಾಡಬೇಡಿ, ಇರುವುದರಲ್ಲೇ ಹೆಸರು ತಿದ್ದಿ. ಹೊಸದು ಮಾಡಿದರೆ ಒಂದೇ ಜಾಗಕ್ಕೆ ಎರಡು ಹೆಸರು ಕಾಣಿಸುತ್ತದೆ, ರಿವ್ಯೂಗಳೆಲ್ಲ ಹಳೆಯದರಲ್ಲೇ ಉಳಿಯುತ್ತವೆ.